ಎಸ್ಕ್ರೋ ಇತ್ತು, ದುಡ್ಡು ಇರಲಿಲ್ಲ

ಮಾಡಿಕೊಟ್ಟ ಕೆಲಸಕ್ಕೆ ದುಡ್ಡು ಬಾರದ ತೊಂದರೆ ಹೊತ್ತು ಕಳೆದ ಎರಡು ವರ್ಷಗಳಲ್ಲಿ ನನ್ನ ಬಳಿ ಬಂದವರಲ್ಲಿ ಈ ಹುಡುಗಿ ಏಳನೆಯವಳು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಬಹಳ ಕಾಲ ದುಡಿದು ಆಮೇಲೆ ಆಪ್ತಸಲಹೆಗೆ ಬಂದವಳು ನಾನು. ಹಾಗಾಗಿ ನಿದ್ರೆ ಕೆಟ್ಟವರು ಬಂದರೂ ಅವರ ಲೆಕ್ಕದ ಕಡೆಗೆ ನನ್ನ ಕಣ್ಣು ಹೋಗುತ್ತದೆ.

ಇಪ್ಪತ್ತಾರರ ಹುಡುಗಿ. ತಿಪಟೂರಿನ ಕಡೆಯ ತೆಂಗು ಬೆಳೆಗಾರರ ಮಗಳು, ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಾಡಿಗೆ ಕೋಣೆ. ಮನೆಯಿಂದಲೇ ಪುಸ್ತಕ, ಕ್ಯಾಟಲಾಗ್‌ಗಳ ಪುಟವಿನ್ಯಾಸ ಮಾಡುತ್ತಾಳೆ. ಬಿಡಿ ಕೆಲಸ ಮಾಡುವವರಿಗೂ ಗಿರಾಕಿಗಳಿಗೂ ನಂಟು ಕೂಡಿಸುವ ಅಪ್‌ವರ್ಕ್ ಎಂಬ ಆನ್‌ಲೈನ್ ವೇದಿಕೆಯ ಮೂಲಕ ಸಿಕ್ಕ ಹೊಸ ವಿದೇಶಿ ಗಿರಾಕಿಗೆ 36 ಪುಟದ ಕ್ಯಾಟಲಾಗ್ ಮಾಡಿಕೊಟ್ಟಳು. ಒಪ್ಪಂದ 600 ಡಾಲರ್. ಫೈಲು ತಲುಪಿದ ಮೇಲೆ ಆತ ಮಾತೇ ಬಿಟ್ಟ. ಮೂರು ತಿಂಗಳಿಂದ ನಿದ್ದೆಯಿಲ್ಲ, ಹೊಸ ಕೆಲಸ ಒಪ್ಪಿಕೊಳ್ಳಲು ಭಯ, ಲ್ಯಾಪ್‌ಟಾಪ್ ಸಾಲ ಬೇರೆ. ಮೊದಲ ದಿನ ಅವಳು ಹೇಳಿದ್ದು ಇಷ್ಟೇ: "ನಾನೇ ದಡ್ಡಿ ಮೇಡಂ. ಎಸ್ಕ್ರೋ ಇದ್ರೂ ಮೋಸ ಹೋದೆ."

ಆ ಮಾತು ನನ್ನ ಮನಸ್ಸಿನಲ್ಲೇ ಉಳಿಯಿತು. ಎಸ್ಕ್ರೋ ಅಂದರೆ ಗಿರಾಕಿಯ ದುಡ್ಡು ಮೊದಲೇ ಮಧ್ಯಸ್ಥರ ಕೈಗೆ ಬಂದು ಕೂತಿರುವುದು. ಹಾಗೆ ಕೂತಿದ್ದ ದುಡ್ಡು ಹೋದದ್ದು ಎಲ್ಲಿಗೆ? ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತನ್ನಿ ಅಂದೆ. ಅಂದು ಅವಳ ತಂದೆಯೂ ಜೊತೆಗೆ ಬಂದಿದ್ದರು.

ಒಪ್ಪಂದದ ಪುಟ ತೆರೆದೆವು. ಒಟ್ಟು ಬೆಲೆಯ ಜಾಗದಲ್ಲಿ 600 ಇತ್ತು. ಅವಳು ಅದರ ಮೇಲೆ ಬೆರಳಿಟ್ಟು "ನೋಡಿ, ಇಲ್ಲೇ ಇದೆ" ಅಂದಳು. ಅದರ ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ In Escrow ಅಂತ ಇನ್ನೊಂದು ಅಂಕಣ. ಅಲ್ಲಿದ್ದದ್ದು 50. ಗಿರಾಕಿ ಕೆಲಸವನ್ನು ಎರಡು ಮೈಲ್‌ಸ್ಟೋನ್, ಅಂದರೆ ಎರಡು ಕಂತು ಮಾಡಿದ್ದ. ಮೊದಲನೆಯದು 50, ಅದಕ್ಕೆ ದುಡ್ಡು ಕಟ್ಟಿದ್ದ. ಎರಡನೆಯದು 550, ಅದರ ಹೆಸರು ಮಾತ್ರ ಬರೆದಿಟ್ಟಿದ್ದ, ಒಂದು ಕಾಸೂ ಹಾಕಿರಲಿಲ್ಲ. "ಪ್ರದರ್ಶನಕ್ಕೆ ಅರ್ಜೆಂಟು, ಎಲ್ಲಾ ಮುಗಿಸಿಬಿಡಿ, ಉಳಿದದ್ದು ಒಟ್ಟಿಗೆ ಹಾಕ್ತೀನಿ" ಅಂದಿದ್ದನಂತೆ. ಇವಳು ಮುಗಿಸಿಕೊಟ್ಟಳು. ವೇದಿಕೆಯವರು ವ್ಯಾಜ್ಯ ಬಿಡಿಸಬೇಕೆಂದರೂ ತಮ್ಮ ಕೈ ಸೇರಿದ ದುಡ್ಡಿನ ಬಗ್ಗೆ ಬಿಡಿಸಬಲ್ಲರು, ಸೇರದೇ ಇರುವ ದುಡ್ಡಿಗಲ್ಲ.

ಆದರೆ ಆ 50 ಕೂಡ ಏಕೆ ಬಂದಿಲ್ಲ? ಅದು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಫೈಲುಗಳನ್ನು ಅವಳು ಮೆಸೇಜಿನಲ್ಲಿ ಕಳಿಸಿದ್ದಳು. ಅಪ್‌ವರ್ಕ್‌ನಲ್ಲಿ ನಿಗದಿತ ಬೆಲೆಯ ಕೆಲಸವಾದರೆ, ಒಪ್ಪಿಸುವ ಗುಂಡಿಯನ್ನೇ ಒತ್ತಿ ಕೆಲಸ ಸಲ್ಲಿಸಬೇಕು. ಆಗ ಗಿರಾಕಿಗೆ 14 ದಿನದ ಗಡುವು ಶುರುವಾಗುತ್ತದೆ. ಅಷ್ಟರೊಳಗೆ ಅವನು ಒಪ್ಪದೆ, ತಿದ್ದುಪಡಿಯನ್ನೂ ಕೇಳದೆ ಸುಮ್ಮನಿದ್ದರೆ ಆ ಮೈಲ್‌ಸ್ಟೋನಿನ ದುಡ್ಡು ತಾನಾಗಿ ಬಿಡುಗಡೆಯಾಗಿ, ಮತ್ತೆ 5 ದಿನ ತಡೆದು ಕೈಗೆ ಬರುತ್ತದೆ. ತಿದ್ದುಪಡಿ ಕೇಳಿದರೆ, ಮರಳಿ ಸಲ್ಲಿಸಿದ ದಿನದಿಂದ ಹೊಸದಾಗಿ 14 ದಿನ. ಮೆಸೇಜಿನಲ್ಲಿ ಕಳಿಸಿದ ಫೈಲಿಗೆ ಯಾವ ಗಡುವೂ ಇಲ್ಲ. ಮೂರು ತಿಂಗಳಿಂದ ಆ ಗಡಿಯಾರ ಓಡಲೇ ಇಲ್ಲ. ನನ್ನ ಮೇಜಿನ ಮುಂದೆಯೇ ಕೂತು ಅವಳು ಮೊದಲ ಮೈಲ್‌ಸ್ಟೋನಿನ ಪುಟಗಳನ್ನು ಸಲ್ಲಿಸಿದಳು.

ಇಷ್ಟಾದ ಮೇಲೆ ಅವಳು ಕೇಳಿದ ಪ್ರಶ್ನೆಯೇ ಈ ಪ್ರಕರಣದ ತಿರುವು. "ಮೊದಲ ಸಲ ಮಾತಾಡೋವಾಗಲೇ ಎಲ್ಲಾದಕ್ಕೂ ಮೊದಲು ದುಡ್ಡು ಹಾಕಿ ಅಂದ್ರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದಹಾಗಾಗಲ್ವಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ತಂದೆ ಮಾತಾಡಿದರು. "ಅಲ್ಲ ಕಣಮ್ಮಾ, ಕೊಬ್ಬರಿ ಮಂಡೀಲಿ ನಾವು ಡೆಲ್ಲಿಯವನ ಮುಖ ನೋಡಿದೀವಾ? ಅವನು ನಮ್ಮ ಮುಖ ನೋಡಿದಾನಾ? ದಲ್ಲಾಳಿ ಮಧ್ಯೆ ನಿಂತಿರೋದಕ್ಕೇ ವ್ಯಾಪಾರ ಆಗೋದು. ಅದ್ರಲ್ಲಿ ಯಾರಿಗೆ ಅವಮಾನ?"

ಹುಡುಗಿ ಸುಮ್ಮನಾದಳು. ಆಮೇಲೆ ಅವರೇ ನನ್ನ ಕಡೆ ತಿರುಗಿ "ಮೇಡಮ್ಮೋರೆ, ಮಧ್ಯದವನೇ ಕಳ್ಳ ಆದ್ರೆ?" ಅಂದರು. ಒಳ್ಳೆಯ ಪ್ರಶ್ನೆ, ಏಕೆಂದರೆ ನಕಲಿ ಎಸ್ಕ್ರೋ ತಾಣಗಳಿವೆ. ಗಿರಾಕಿಯೇ ಒಂದು ಲಿಂಕ್ ಕಳಿಸಿ "ಇಲ್ಲಿ ನನ್ನ ದುಡ್ಡು ಕೂತಿದೆ ನೋಡಿ" ಅನ್ನುತ್ತಾನೆ, ಅಥವಾ ಖಾತೆ ತೆರೆಯಲು ನೀವೇ ಶುಲ್ಕ ಕಟ್ಟಬೇಕು ಅನ್ನುತ್ತಾನೆ. ಮಧ್ಯಸ್ಥನನ್ನು ಗಿರಾಕಿಯೊಬ್ಬನೇ ಆರಿಸಿ ಕೊಟ್ಟಾಗ ಒಪ್ಪಬಾರದು. ತಾಣದ ವಿಳಾಸವನ್ನು ನಾವೇ ಟೈಪ್ ಮಾಡಿ ಒಳಗೆ ಹೋಗಬೇಕು. ದುಡ್ಡು ಬಂದಿದೆ ಅನ್ನುವ ಇಮೇಲ್ ನೋಡಿ ನಂಬದೆ ನಮ್ಮ ಖಾತೆಯ ಪುಟದಲ್ಲೇ ನೋಡಬೇಕು.

ಮುಂದಿನ ಕೆಲಸಕ್ಕೆ ಅದೇ 36 ಪುಟ, 600 ಡಾಲರಿನ ಲೆಕ್ಕವನ್ನೇ ಇಟ್ಟುಕೊಂಡು ಕಾಗದದ ಮೇಲೆ ಬರೆದೆವು. ಮೊದಲು ಮೂರು ಮಾದರಿ ಪುಟ, 60 ಡಾಲರ್. ಆಮೇಲೆ ಹದಿನೈದು ಪುಟಕ್ಕೆ 240, ಉಳಿದ ಹದಿನೆಂಟಕ್ಕೆ 240, ಕೊನೆಗೆ ಮುದ್ರಣದ ಫೈಲು ಮತ್ತು ತಿದ್ದಬಹುದಾದ ಮೂಲ ಫೈಲಿಗೆ 60. ಮೊದಲ ಕಂತು ಚಿಕ್ಕದಿರುವುದು ಇಬ್ಬರ ಒಳ್ಳೆಯದಕ್ಕೂ. ಪರಿಚಯವಿಲ್ಲದ ಗಿರಾಕಿಗೂ ಇವಳ ಬಗ್ಗೆ ಅಷ್ಟೇ ಅನುಮಾನವಿರುತ್ತದಲ್ಲ? ಮೂಲ ಫೈಲನ್ನು ಕೊನೆಗೆ ಇಟ್ಟದ್ದು, ಗಿರಾಕಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ ಆದ್ದರಿಂದ. ಪ್ರತಿ ಕಂತಿನ ಕೆಳಗೆ ಎಷ್ಟು ಪುಟ, ಯಾವ ಅಳತೆ, ಎಷ್ಟು ಸುತ್ತು ತಿದ್ದುಪಡಿ ಎಂದು ಬರೆಸಿದೆ. "ಚೆನ್ನಾಗಿರಬೇಕು" ಅಂತ ಬರೆದರೆ ಚೆನ್ನಾಗಿಲ್ಲ ಅನ್ನುವುದು ಯಾರಿಗೂ ಸುಲಭ. ಎಣಿಸಿ ನೋಡಬಹುದಾದ ಮಾತು ಬರೆದಿದ್ದರೆ ವ್ಯಾಜ್ಯ ಬಂದರೂ ತೋರಿಸಲು ಆಧಾರವಿರುತ್ತದೆ. ಕೊನೆಗೆ ಒಂದೇ ಕಟ್ಟುಪಾಡು: ಮುಂದಿನ ಕಂತಿನ ದುಡ್ಡು In Escrow ಅಂಕಣದಲ್ಲಿ ಕಾಣುವವರೆಗೆ ಆ ಕಂತಿನ ಒಂದು ಪುಟವನ್ನೂ ತೆರೆಯಬಾರದು.

ಊರಿನ ಅಂಗಡಿಯವರ ಚಿಕ್ಕ ಕೆಲಸಕ್ಕೆ ಎಸ್ಕ್ರೋ ನಡೆಯುವುದಿಲ್ಲ, ಹೇಳಿ ನೋಡಿದರೂ ಯಾರಿಗೂ ಅರ್ಥವಾಗದು. ಅಲ್ಲಿ ಮುಂಗಡವೇ ಗತಿ. ಕಂತಿನ ಲೆಕ್ಕ ಮಾತ್ರ ಹಾಗೇ ಇರುತ್ತದೆ, ಮುಂಗಡ ತೀರುವಷ್ಟು ಕೆಲಸವಾದಾಗ ಕೈ ನಿಲ್ಲಿಸಬೇಕು.

ಆಪ್ತಸಲಹೆಗಾರರು ಹೀಗೆ ಲೆಕ್ಕ ಹೇಳಿಕೊಡಬಾರದು, ನೋವು ಕೇಳಬೇಕು ಅಷ್ಟೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಈ ಹುಡುಗಿ ತನ್ನನ್ನು ದಡ್ಡಿ ಅಂದುಕೊಂಡಿದ್ದು ಏನು ತಪ್ಪಿತು ಎಂದು ತಿಳಿಯದೇ ಇದ್ದುದರಿಂದ. ಒಂದು ಅಂಕಣ ನೋಡಿರಲಿಲ್ಲ, ಒಂದು ಗುಂಡಿ ಒತ್ತಿರಲಿಲ್ಲ ಎಂದು ಕಣ್ಣಾರೆ ಕಂಡ ದಿನ ಆ ತಪ್ಪು ಅವಳ ಅಳತೆಗೆ ಸಿಕ್ಕಿತು. ಅದನ್ನು ಬಿಟ್ಟು ನಾನು ಬರೀ ಸಮಾಧಾನ ಹೇಳಿದ್ದರೆ ಅವಳು ಮುಂದಿನ ಗಿರಾಕಿಗೂ ಫೈಲನ್ನು ಮೆಸೇಜಿನಲ್ಲೇ ಕಳಿಸುತ್ತಿದ್ದಳು.

ಹಳೆಯ ಗಿರಾಕಿ ಕೊನೆಗೂ ಉತ್ತರಿಸಲಿಲ್ಲ. ಇಪ್ಪತ್ತನೇ ದಿನ ವೇದಿಕೆಯ ಶುಲ್ಕ ಕಳೆದು ಆ 50 ಡಾಲರ್ ಅವಳ ಖಾತೆಯಲ್ಲಿತ್ತು. 550 ಹೋದದ್ದು ಹೋಯಿತು.

ತಿಂಗಳ ನಂತರ ಬಂದ ಹೊಸ ಗಿರಾಕಿ ಮಾದರಿ ಪುಟಗಳ ಕಂತು ಹಾಕಿದ, ಪುಟ ನೋಡಿ ಮೆಚ್ಚಿ ಬಿಡುಗಡೆಯನ್ನೂ ಮಾಡಿದ. ಎರಡನೇ ಕಂತಿಗೆ "ನೀವು ಶುರುಮಾಡಿ, ಸೋಮವಾರ ಹಾಕ್ತೀನಿ" ಅಂದ. ಅವಳು ಶುರುಮಾಡಲಿಲ್ಲ. ಸೋಮವಾರ ಕಳೆಯಿತು, ಆ ವಾರವೂ ಕಳೆಯಿತು, ಅವನು ಮತ್ತೆ ಬರೆಯಲಿಲ್ಲ. ಅವಳು ಫೋನ್ ಮಾಡಿದಾಗ ನಾನು ಅಳು ನಿರೀಕ್ಷಿಸಿದ್ದೆ. "ಮೂರು ಪುಟ ಮಾಡಿದ್ದೆ ಮೇಡಂ, ಮೂರು ಪುಟದ ದುಡ್ಡು ಬಂದಿದೆ" ಅಂದಳು. ಬೇರೆ ಕೆಲಸಕ್ಕೆ ಅರ್ಜಿ ಹಾಕಿ ಆಗಿದೆ ಅಂದಳು.