ದಿನದ ಧ್ವನಿಸಂದೇಶದಲ್ಲಿ ಸೂಚನೆ ಮೊದಲು ಬರಲಿ

ಪ್ರಶ್ನೆ: ನಾನು ಧರ್ಮಕೇಂದ್ರವೊಂದರ ಗುರು. ಪ್ರತಿದಿನ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿಂತನೆ ಹೇಳಿ, ಕೊನೆಗೆ ಆ ದಿನದ ಸೂಚನೆ ಸೇರಿಸುತ್ತೇನೆ. ಮೂರು ನಿಮಿಷ ಆಗುತ್ತೆ. ಸೂಚನೆ ಯಾರ ಕಿವಿಗೂ ಬೀಳಲ್ಲ. ಚಿಂತನೆಯನ್ನು ಇನ್ನೂ ಚೆನ್ನಾಗಿ ಬರೆಯೋದು ಹೇಗೆ?

ಫಾದರ್, ತೊಂದರೆ ಇರುವುದು ಚಿಂತನೆಯಲ್ಲಲ್ಲ, ಸೂಚನೆ ಕೊನೆಗೆ ಬರುವುದರಲ್ಲಿ. ಕೇಳುವವರು ಕೆಲಸದ ನಡುವೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಚಿಂತನೆ ಅರ್ಧ ಕೇಳಿದರೂ ನಷ್ಟವಿಲ್ಲ, ಪೂಜೆಯ ಸಮಯ ತಪ್ಪಿದರೆ ಬಾಗಿಲು ಮುಚ್ಚಿದ ಚರ್ಚಿನ ಮುಂದೆ ನಿಲ್ಲಬೇಕಾಗುತ್ತದೆ. ಹಾಗಾಗಿ ಸೂಚನೆ ಮೊದಲು, ಅದೂ ಬದಲಾದದ್ದು ಮಾತ್ರ. ದಿನಾ ಇರುವ ಸಮಯವನ್ನೇ ದಿನಾ ಓದಿದರೆ, ಬದಲಾದ ದಿನವೂ ಜನ ಕಿವಿಗೊಡುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು "ಇವತ್ತು ಸಂಜೆ" ಎಂದಷ್ಟೇ ಹೇಳುವುದು. ಧ್ವನಿಸಂದೇಶವನ್ನು ಕೆಲವರು ರಾತ್ರಿ ಕೇಳುತ್ತಾರೆ, ಕೆಲವರು ಮರುದಿನ. ಯಾರಾದರೂ ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಅಲ್ಲಿ ಕಾಣುವುದು ಫಾರ್ವರ್ಡ್ ಮಾಡಿದ ಹೊತ್ತು, ನೀವು ಕಳಿಸಿದ ಹೊತ್ತಲ್ಲ. ನಿನ್ನೆಯ "ಇವತ್ತು" ಇವತ್ತಿನದಾಗಿಬಿಡುತ್ತದೆ. ಪಠ್ಯವಾದರೆ ಮೇಲೆ ಕೆಳಗೆ ಕಣ್ಣಾಡಿಸಿ ಅನುಮಾನ ಬಗೆಹರಿಸಿಕೊಳ್ಳಬಹುದು, ಧ್ವನಿಯಲ್ಲಿ ಅದಾಗದು. ಆದ್ದರಿಂದ ಮೊದಲ ವಾಕ್ಯದಲ್ಲೇ ತಾರೀಖು ಮತ್ತು ವಾರ ಎರಡನ್ನೂ ಹೇಳಿ. ಸಮಯ ಹೇಳುವಾಗ ಹಳೆಯದನ್ನೂ ಹೇಳಿ. "ಐದಕ್ಕೆ" ಎಂದಷ್ಟೇ ಅಂದರೆ, ಯಾವ ಪೂಜೆ ಐದಕ್ಕೆ ಎಂಬ ಫೋನು ನಿಮಗೇ ಬರುತ್ತದೆ.

ಸಂಜೆಯ ಪೂಜೆ ಆರರಿಂದ ಐದಕ್ಕೆ ಬಂದಿದೆ, ಅಂದಿನ ಶುಭಸಂದೇಶ ಲೂಕ 17ರ ಹತ್ತು ಕುಷ್ಠರೋಗಿಗಳದು ಎಂದುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

"ನವೆಂಬರ್ 12, ಬುಧವಾರ. ಈ ಬುಧವಾರ ಸಂಜೆ ಆರು ಗಂಟೆಯ ಪೂಜೆ ಐದು ಗಂಟೆಗೆ ನಡೆಯುತ್ತದೆ. ಪಾಪನಿವೇದನೆ ನಾಲ್ಕೂವರೆಯಿಂದ. ಬೆಳಗಿನ ಪೂಜೆಯ ಸಮಯ ಬದಲಾಗಿಲ್ಲ.

ಗುಣವಾದವರು ಹತ್ತು ಮಂದಿ, ಯೇಸುವಿನ ಬಳಿಗೆ ಮರಳಿದವನು ಒಬ್ಬ. ಉಳಿದ ಒಂಬತ್ತು ಮಂದಿ ಯೇಸು ಹೇಳಿದ ಮಾತು ಮೀರಲಿಲ್ಲ, ಯಾಜಕರ ಕಡೆಗೇ ಹೊರಟಿದ್ದರು. ಈ ಒಬ್ಬ ಮಾತ್ರ ದಾರಿಯಲ್ಲಿ ತಿರುಗಿ ನಿಂತ. ನಿಮಗೆ ನೆರವಾದ ಯಾರಿಗೆ ಇನ್ನೂ ಒಂದು ಮಾತು ಬಾಕಿ ಇದೆ?

ಮತ್ತೊಮ್ಮೆ: ಬುಧವಾರ ಸಂಜೆಯ ಪೂಜೆ ಐದಕ್ಕೆ."

ನಿಧಾನವಾಗಿ ಓದಿದರೂ ಇದು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಚಿಂತನೆಗೆ ಒಂದೇ ಚಿತ್ರ, ಒಂದೇ ಪ್ರಶ್ನೆ ಸಾಕು. ವಿವರಣೆ ಭಾನುವಾರದ ಪ್ರಸಂಗಕ್ಕಿರಲಿ. ಸೂಚನೆಯನ್ನೂ ಚಿಂತನೆಯನ್ನೂ ಬೆಸೆಯುವ ಗೋಜಿಗಂತೂ ಹೋಗಬೇಡಿ. "ಕೃತಜ್ಞರಾಗಿರೋಣ, ಅದಕ್ಕಾಗಿ ಶನಿವಾರ ಅಂಗಳ ಗುಡಿಸಲು ಬನ್ನಿ" ಎಂದರೆ ದೇವರ ವಾಕ್ಯ ಜಾಹೀರಾತಾಗುತ್ತದೆ. ನಡುವೆ ಒಂದು ಉಸಿರಿನ ವಿರಾಮ ಕೊಟ್ಟರಾಯಿತು.

ಕಳಿಸಿದ ಧ್ವನಿಯನ್ನು ತಿದ್ದಲಾಗದು. ಸಮಯ ತಪ್ಪಿದ್ದರೆ "ತಿದ್ದುಪಡಿ" ಎಂದು ಇನ್ನೊಂದನ್ನು ಕಳಿಸಿದರೆ ಎರಡೂ ಉಳಿದು ಗೊಂದಲವಾಗುತ್ತದೆ. ಹಳೆಯದನ್ನು ಎಲ್ಲರಿಗೂ ಅಳಿಸಿ, ಪೂರ್ತಿ ಹೊಸದಾಗಿ ಕಳಿಸಿ. ಧ್ವನಿಯ ಕೆಳಗೆ ಸೂಚನೆಯನ್ನು ತಾರೀಖಿನೊಂದಿಗೆ ಎರಡು ಸಾಲು ಟೈಪ್ ಮಾಡಿ, ಕಿವಿ ಮಂದವಾದವರಿಗೆ ಅದೇ ಆಧಾರ.