ಜೂನ್ 30 ಅಂತ ಕೊಟ್ಟರೂ ಜೂನ್ 30ರ ರೆಕಾರ್ಡ್‌ಗಳು ಏಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ರಿಪೋರ್ಟ್ ಪೇಜಿನಲ್ಲಿ ಜೂನ್ 1ರಿಂದ ಜೂನ್ 30 ಅಂತ ಕೊಟ್ಟರೆ 29ರ ತನಕ ಎಲ್ಲಾ ಸರಿಯಾಗಿ ಬರುತ್ತೆ. 30ರದ್ದು ಮಾತ್ರ ಬರಲ್ಲ. ವಿಚಿತ್ರ ಅಂದ್ರೆ 30ರದ್ದೂ ಎರಡು ರೆಕಾರ್ಡ್ ಬರುತ್ತೆ, ಉಳಿದಿದ್ದು ಇಲ್ಲ. `BETWEEN` ಎರಡೂ ತುದಿ ಸೇರಿಸಿಕೊಳ್ಳುತ್ತೆ ಅಂತ ಓದಿದ್ದೆ. ಸದ್ಯಕ್ಕೆ ಕೊನೆಗೆ `23:59:59` ಸೇರಿಸಿದ್ದೀನಿ, ಅದು ಸಾಕಾ?

ಉತ್ತರ:

ಸಾಕಾಗುವುದಿಲ್ಲ. ಏಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಬಂದಿರುವ ಆ ಎರಡು ರೆಕಾರ್ಡ್‌ಗಳನ್ನು ಡೇಟಾಬೇಸ್‌ನಲ್ಲೇ ತೆಗೆದು ನೋಡಿ. ರಿಪೋರ್ಟ್ ಪೇಜಿನಲ್ಲಿ ಬೇಡ, ಅಲ್ಲಿ ಬರೀ ತಾರೀಖು ಕಾಣುತ್ತೆ. `created_at` ಕಾಲಮ್ಮಿನಲ್ಲಿ ಸಮಯ ಎಷ್ಟಿದೆ ನೋಡಿ. ಎರಡರಲ್ಲೂ `00:00:00` ಇರಬೇಕು. ಬೇರೆ ಎಲ್ಲಿಂದಲೋ ಇಂಪೋರ್ಟ್ ಆದ ಸಾಲುಗಳು ಹೀಗಿರುತ್ತವೆ. ಮೂಲದಲ್ಲಿ ತಾರೀಖು ಮಾತ್ರ ಇದ್ದರೆ ಸಮಯದ ಜಾಗಕ್ಕೆ ಸೊನ್ನೆ ಬಂದು ಕೂರುತ್ತೆ.

ನೀವು ಓದಿದ್ದು ಸರಿಯೇ, `BETWEEN` ಎರಡೂ ತುದಿ ಸೇರಿಸಿಕೊಳ್ಳುತ್ತದೆ. ತಕರಾರು ಇರುವುದು ತುದಿ ಎಲ್ಲಿದೆ ಎನ್ನುವುದರಲ್ಲಿ. ನಾವು ಮಾತಿನಲ್ಲಿ "30ನೇ ತಾರೀಖು ರಾತ್ರಿ 12 ಗಂಟೆ" ಅಂದರೆ ಆ ದಿನ ಮುಗಿಯುವ ಹೊತ್ತು. ಡೇಟಾಬೇಸ್‌ಗೆ `2024-06-30 00:00:00` ಅಂದರೆ ಆ ದಿನ ಶುರುವಾಗುವ ಹೊತ್ತು. ನೀವು ಬರೀ `'2024-06-30'` ಕೊಟ್ಟಾಗ ಅದನ್ನು ಟೈಮ್‌ಸ್ಟ್ಯಾಂಪ್ ಕಾಲಮ್ಮಿನ ಜೊತೆ ಹೋಲಿಸಬೇಕಲ್ಲ, ಅದಕ್ಕೆ ಸಮಯವನ್ನು ಸೊನ್ನೆ ಅಂತ ತುಂಬಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಫಿಲ್ಟರ್ 30ರ ಬಾಗಿಲಿಗೆ ಬಂದು ಅಲ್ಲೇ ನಿಂತುಬಿಡುತ್ತೆ. ಸರಿಯಾಗಿ ಹೊಸ್ತಿಲ ಮೇಲೆ ಇರುವ ಸಾಲುಗಳು ಸಿಗುತ್ತವೆ, ಒಳಗಿರುವ ಯಾವುದೂ ಸಿಗುವುದಿಲ್ಲ.

ಐದು ಸಾಲು ಇಟ್ಟುಕೊಂಡು ನೋಡೋಣ. ಮುಂದೆ ಹೇಳುವುದೆಲ್ಲ ಈ ಐದರ ಮೇಲೆಯೇ.

```
101  2024-06-29 18:40:05
102  2024-06-30 00:00:00
103  2024-06-30 09:12:44
104  2024-06-30 23:59:59.412
105  2024-07-01 00:00:00
```

ನಮಗೆ ಬೇಕಾಗಿರುವುದು ಜೂನ್ ತಿಂಗಳದ್ದು, ಅಂದರೆ 101ರಿಂದ 104. `23:59:59` ಸೇರಿಸುವ ಮುಂಚೆ ನಿಮ್ಮ ಕ್ವೆರಿ ಇದು:

```sql
WHERE created_at BETWEEN '2024-06-01' AND '2024-06-30'
```

ಇದಕ್ಕೆ 101 ಮತ್ತು 102 ಸಿಗುತ್ತವೆ. ನಿಮ್ಮ ಪೇಜಿನಲ್ಲಿ ಬಂದ ಆ ಎರಡು ರೆಕಾರ್ಡ್‌ಗಳು ಈ 102ರ ಜಾತಿಯವು. ಅಂಥ ಸಾಲು ಒಂದೂ ಇರದಿದ್ದರೆ ನೀವು ಬೇಗ ಕಂಡುಹಿಡಿಯುತ್ತಿದ್ದಿರಿ. ಕೊನೆಯ ದಿನ ಪೂರ್ತಿ ಖಾಲಿ ಇದ್ದರೆ ಯಾರಿಗಾದರೂ ಅನುಮಾನ ಬರುತ್ತೆ. ಒಂದೆರಡು ಕಂಡರೆ "ಆ ದಿನ ಕೆಲಸ ಕಮ್ಮಿ ಇತ್ತೇನೋ" ಅಂತ ಸುಮ್ನೆ ಆಗ್ತೀವಿ. (ಎಸ್‌ಕ್ಯೂಲೈಟ್‌ನಲ್ಲಿ ಸಮಯವನ್ನು ಪಠ್ಯವಾಗಿ ಇಟ್ಟಿದ್ದರೆ 102 ಕೂಡ ಬರುವುದಿಲ್ಲ. ಅಲ್ಲಿ ನಡೆಯುವುದು ಅಕ್ಷರಗಳ ಹೋಲಿಕೆ. `'2024-06-30 00:00:00'` ಎನ್ನುವುದು `'2024-06-30'`ಗಿಂತ ಉದ್ದ, ಹಾಗಾಗಿ ಅದಕ್ಕಿಂತ ದೊಡ್ಡದು.)

ಈಗ ನಿಮ್ಮ `23:59:59`. ಇದನ್ನೇ ನಾನೂ ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಹಿಂದೆ ಕೆಲಸ ಮಾಡಿದ ಒಂದು ಕಡೆ ತಿಂಗಳ ಮೊತ್ತ ತೆಗೆಯುವ ಕ್ವೆರಿಗೆ ಹೀಗೆ ತೇಪೆ ಹಾಕಿ ಟಿಕೆಟ್ ಮುಚ್ಚಿದೆ. ಕೆಲವು ತಿಂಗಳು ಲೆಕ್ಕ ಸರಿಯಾಗಿಯೇ ಬಂತು. ಆಮೇಲೆ ಒಂದು ತಿಂಗಳು ಮೊತ್ತ ಒಂದೇ ಒಂದು ಎಂಟ್ರಿಯಷ್ಟು ಕಮ್ಮಿ ಬಂತು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಮೇಲಿನ 104ರಂಥ ಸಾಲು. ದಿನದ ಕೊನೆಯ ಸೆಕೆಂಡಿನ ಒಳಗೆ ಹುಟ್ಟಿದ್ದು. `23:59:59` ಅಂದರೆ `23:59:59.000`. ಅಲ್ಲಿಂದ ಮುಂದಿನ ಸೊನ್ನೆ ಗಂಟೆಯ ತನಕ ಇನ್ನೂ ಒಂದು ಇಡೀ ಸೆಕೆಂಡ್ ಇದೆ. 104 ಅದರೊಳಗೆ ಬಿದ್ದಿತ್ತು. ದಿನದ ಕೊನೆಗೆ ಓಡುವ ಜಾಬ್‌ಗಳಿದ್ದರೆ ಈ ಸೆಕೆಂಡಿನಲ್ಲಿ ಸಾಲುಗಳು ಬೀಳುವುದು ನೀವು ಅಂದುಕೊಂಡಷ್ಟು ಅಪರೂಪ ಅಲ್ಲ.

"ಹಾಗಾದರೆ `.999` ಸೇರಿಸ್ತೀನಿ" ಅಂತ ಅನ್ನಿಸಬಹುದು. ಕಾಲಮ್ ಮೈಕ್ರೋಸೆಕೆಂಡ್ ತನಕ ಇಟ್ಟುಕೊಳ್ಳುವಂಥದ್ದಾದರೆ ಸಂದು ಸಣ್ಣದಾಗುತ್ತೆ ಅಷ್ಟೇ, ಮುಚ್ಚುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ `datetime` ಟೈಪ್‌ನಲ್ಲಿ ಇನ್ನೂ ತಮಾಷೆ. ಅದು ಎಲ್ಲಾ ಮಿಲಿಸೆಕೆಂಡ್‌ಗಳನ್ನೂ ಇಟ್ಟುಕೊಳ್ಳುವುದಿಲ್ಲ. ಕೊನೆಯ ಅಂಕಿ 0, 3 ಅಥವಾ 7 ಆಗುವಂತೆ ಹತ್ತಿರದ್ದಕ್ಕೆ ಸರಿಸಿಕೊಳ್ಳುತ್ತದೆ. `23:59:59.999`ಗೆ ಹತ್ತಿರದ್ದು ಯಾವುದು? ಮರುದಿನದ `00:00:00.000`. ಅಂದರೆ ನೀವು ಜೂನ್ 30ರ ಕೊನೆ ಅಂತ ಬರೆದದ್ದನ್ನು ಅದು ಜುಲೈ 1ರ ಶುರು ಅಂತ ಓದಿಕೊಂಡು 105ನ್ನೂ ಒಳಗೆ ಎಳೆದುಕೊಳ್ಳುತ್ತೆ. ಆಗ ಒಂದು ಸಾಲು ಕಮ್ಮಿ ಇದ್ದದ್ದು ಹೋಗಿ ಒಂದು ಸಾಲು ಜಾಸ್ತಿ ಆಯಿತು.

ದಿನದ ಕೊನೆಯ ಕ್ಷಣ ಯಾವುದು ಅಂತ ಹುಡುಕುವುದನ್ನೇ ಬಿಟ್ಟುಬಿಡಿ. ಅದು ಕಾಲಮ್ಮಿನ ಟೈಪ್ ಬದಲಾದರೆ ಬದಲಾಗುತ್ತೆ. ಆದರೆ ಮರುದಿನದ ಶುರು ಎಲ್ಲಾ ಟೈಪ್‌ಗಳಲ್ಲೂ ಒಂದೇ. ಅದನ್ನೇ ಗಡಿ ಮಾಡಿ, ಗಡಿಯನ್ನು ಹೊರಗಿಡಿ:

```sql
WHERE created_at >= '2024-06-01'
  AND created_at <  '2024-07-01'
```

101, 102, 103, 104 ಬಂದವು, 105 ಹೊರಗೆ ಉಳಿಯಿತು. ಇಲ್ಲಿ `<` ಎನ್ನುವುದು ಬಹಳ ಮುಖ್ಯ. ಕೆಲವರು ತಾರೀಖಿಗೆ ಒಂದು ದಿನ ಸೇರಿಸುತ್ತಾರೆ, `BETWEEN` ಮಾತ್ರ ಹಾಗೇ ಬಿಡುತ್ತಾರೆ. ಆಗ 105 ಜೂನ್ ರಿಪೋರ್ಟಿನಲ್ಲೂ ಬರುತ್ತೆ, ಜುಲೈ ರಿಪೋರ್ಟಿನಲ್ಲೂ ಬರುತ್ತೆ. ನಿಮ್ಮಲ್ಲಿ ಸೊನ್ನೆ ಗಂಟೆಯ ಸಾಲುಗಳು ಇವೆ ಅಂತ ಈಗಾಗಲೇ ಗೊತ್ತಾಗಿದೆ. ಹಾಗಾಗಿ ನಿಮಗೆ ಇದು ಖಂಡಿತ ತಟ್ಟುತ್ತೆ.

ಬಳಸುವವರು ಪೇಜಿನಲ್ಲಿ ಆರಿಸುವುದು ಜೂನ್ 30 ಅಂತಲೇ ಇರಲಿ, ಆ ಒಂದು ದಿನವನ್ನು ಕ್ವೆರಿ ಕಟ್ಟುವ ಜಾಗದಲ್ಲಿ ಸೇರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```sql
AND created_at < CAST(:to_date AS date) + 1
```

ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ:

```sql
AND created_at < DATE_ADD(:to_date, INTERVAL 1 DAY)
```

ಎರಡೂ ತಾರೀಖಿನ ಲೆಕ್ಕ ಮಾಡುತ್ತವೆ, ತಿಂಗಳ ಕೊನೆ, ಫೆಬ್ರವರಿ 29 ಎಲ್ಲಾ ಅವೇ ನೋಡಿಕೊಳ್ಳುತ್ತವೆ. ಕೋಡಿನಲ್ಲಿ ನೀವೇ 86400 ಸೆಕೆಂಡ್ ಕೂಡಿಸಲು ಹೋಗಬೇಡಿ. ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೆ ಒಂದು ದಿನ 23 ಗಂಟೆಯದ್ದು, ಇನ್ನೊಂದು 25 ಗಂಟೆಯದ್ದು ಇರುತ್ತದೆ.

ಹಾಗೆಯೇ, ಆ ಒಂದು ದಿನವನ್ನು ಒಂದೇ ಕಡೆ ಸೇರಿಸಿ. ಒಮ್ಮೆ ನಮ್ಮಲ್ಲಿ ಫ್ರಂಟ್‌ಎಂಡ್‌ನವರು ಬಗ್ ರಿಪೋರ್ಟ್ ನೋಡಿ ತಮ್ಮ ಕಡೆ ಒಂದು ದಿನ ಕೂಡಿಸಿದ್ದರು, ಅದೇ ವಾರ ಬ್ಯಾಕ್‌ಎಂಡ್‌ನಲ್ಲಿ ನಾನೂ ಕೂಡಿಸಿದೆ. ಒಂದು ದಿನ ಕಾಣೆಯಾಗುತ್ತಿದ್ದದ್ದು ಹೋಗಿ ಒಂದು ದಿನ ಹೆಚ್ಚಿಗೆ ಬಂತು. ಇಬ್ಬರೂ "ನನ್ನ ಕಡೆ ಸರಿ ಇದೆ" ಅಂತ ಕೂತಿದ್ದೆವು, ಬೇರೆ ಬೇರೆ ನೋಡಿದರೆ ಇಬ್ಬರದ್ದೂ ಸರಿಯೇ ಇತ್ತು.

ಇನ್ನೊಂದು ಉತ್ತರ ನಿಮಗೆ ಎಲ್ಲಾ ಕಡೆ ಸಿಗುತ್ತೆ:

```sql
WHERE DATE(created_at) BETWEEN '2024-06-01' AND '2024-06-30'
```

ಉತ್ತರ ಸರಿಯಾಗಿಯೇ ಬರುತ್ತೆ, 101ರಿಂದ 104. ಆದರೆ ಕಾಲಮ್ಮಿಗೆ ಫಂಕ್ಷನ್ ಹೊದಿಸಿದರೆ `created_at` ಮೇಲಿರುವ ಸಾದಾ ಇಂಡೆಕ್ಸ್ ಅನ್ನು ಮೈಎಸ್‌ಕ್ಯೂಎಲ್ ಆಗಲಿ ಪೋಸ್ಟ್‌ಗ್ರೆಸ್ ಆಗಲಿ ಈ ಹುಡುಕಾಟಕ್ಕೆ ಬಳಸಿಕೊಳ್ಳಲು ಆಗುವುದಿಲ್ಲ. ಪ್ರತಿ ಸಾಲಿನ ತಾರೀಖನ್ನೂ ಲೆಕ್ಕ ಹಾಕಿ ನೋಡಬೇಕಾಗುತ್ತೆ. ಸಣ್ಣ ಟೇಬಲ್ಲಿಗೆ, ಒಂದು ಸಲ ಕೈಯಲ್ಲಿ ಓಡಿಸುವ ಕ್ವೆರಿಗೆ ನಾನೂ ಇದನ್ನೇ ಬರೆಯುತ್ತೇನೆ. ಬೆಳೆಯುತ್ತಾ ಹೋಗುವ ಟೇಬಲ್ಲಿನ ರಿಪೋರ್ಟ್ ಪೇಜಿಗೆ ಬೇಡ. ಅನುಮಾನ ಇದ್ದರೆ ಎರಡೂ ಕ್ವೆರಿಗೆ `EXPLAIN` ಹಾಕಿ ಹೋಲಿಸಿ ನೋಡಿ.

ತಿದ್ದಿದ ಮೇಲೆ ಪರೀಕ್ಷೆಗೆ ಒಂದು ಸುಲಭದ ದಾರಿ ಇದೆ. ಶುರು ಮತ್ತು ಕೊನೆ ಎರಡಕ್ಕೂ ಜೂನ್ 30 ಕೊಡಿ. ಹಳೆಯ ಕ್ವೆರಿಗೆ ಹೀಗೆ ಕೊಟ್ಟರೆ 102 ಮಾತ್ರ ಬರುತ್ತಿತ್ತು, ಏಕೆಂದರೆ ನೀವು ಕೇಳುತ್ತಿದ್ದದ್ದು ಒಂದು ದಿನವನ್ನಲ್ಲ, ಒಂದು ಕ್ಷಣವನ್ನು. ಈಗ 102, 103, 104 ಬರಬೇಕು. ಆಮೇಲೆ ಬರೀ ಜುಲೈ 1 ಕೊಡಿ, 105 ಮಾತ್ರ ಬರಬೇಕು. ಈ ಐದು ಸಾಲುಗಳನ್ನೇ ಟೆಸ್ಟ್ ಡೇಟಾ ಆಗಿ ಇಟ್ಟುಕೊಂಡರೆ ಮುಂದೆ ಯಾರಾದರೂ ಮತ್ತೆ `BETWEEN`ಗೆ ಬದಲಾಯಿಸಿದರೂ ಟೆಸ್ಟ್ ಬಿದ್ದುಹೋಗುತ್ತೆ.

ತಿದ್ದಿದ ಮೇಲೂ ಲೆಕ್ಕ ತಾಳೆ ಆಗದಿದ್ದರೆ ಟೈಮ್‌ಜೋನ್ ನೋಡಿ. ಅದರ ಗುರುತು ಬೇರೆ ಥರ ಇರುತ್ತೆ. ಈ ಬಗ್‌ನಲ್ಲಿ ಕೊನೆಯ ದಿನ ಹೆಚ್ಚುಕಡಿಮೆ ಪೂರ್ತಿ ಮಾಯ ಆಗುತ್ತೆ. ಟೈಮ್‌ಜೋನ್ ತೊಂದರೆಯಲ್ಲಿ ಕೆಲವು ಗಂಟೆಗಳಷ್ಟು ಮಾತ್ರ ಜಾರುತ್ತೆ, ಅದೂ ಎರಡೂ ತುದಿಯಲ್ಲಿ. ಡೇಟಾಬೇಸ್ ಯುಟಿಸಿಯಲ್ಲಿದ್ದು ಬಳಸುವವರು ಅದಕ್ಕಿಂತ 5 ಗಂಟೆ ಮುಂದಿದ್ದಾರೆ ಅಂದುಕೊಳ್ಳಿ. ಅವರ ಜೂನ್ 1ರ ಬೆಳಗಿನ ಜಾವ 2 ಗಂಟೆ ಯುಟಿಸಿಯಲ್ಲಿ ಇನ್ನೂ ಮೇ 31ರ ರಾತ್ರಿ 9. ಅದು ತಪ್ಪಿಹೋಗುತ್ತೆ. ಅವರ ಜುಲೈ 1ರ ಬೆಳಗಿನ ಜಾವದ್ದು ಜೂನ್ ರಿಪೋರ್ಟಿಗೆ ನುಗ್ಗುತ್ತೆ. ಅದಕ್ಕೆ ಮೊದಲು ಬಳಸುವವರ ಜೋನಿನಲ್ಲಿ ಎರಡೂ ಗಡಿಗಳನ್ನು ಕಟ್ಟಿ, ಆಮೇಲೆ ಯುಟಿಸಿಗೆ ಬದಲಾಯಿಸಿ ಕ್ವೆರಿಗೆ ಕೊಡಬೇಕು. `>=` ಮತ್ತು `<` ಹಾಗೇ ಇರುತ್ತವೆ.

ಇದನ್ನು ತಿದ್ದಿ ಕಳಿಸುವ ಮುಂಚೆ ಕೋಡಿನಲ್ಲಿ `BETWEEN` ಮತ್ತು `23:59:59` ಎರಡನ್ನೂ ಹುಡುಕಿ. ರಿಪೋರ್ಟ್ ಪೇಜಿನಲ್ಲಿ ಇದ್ದದ್ದು ಎಕ್ಸ್‌ಪೋರ್ಟ್‌ನಲ್ಲೂ, ವಾರಕ್ಕೊಮ್ಮೆ ಮೇಲ್ ಹೋಗುವ ಜಾಬ್‌ನಲ್ಲೂ ಇರುವ ಸಾಧ್ಯತೆ ಜಾಸ್ತಿ. ಒಂದನ್ನೇ ಸರಿಮಾಡಿದರೆ ಪೇಜಿನ ಮೊತ್ತಕ್ಕೂ ಎಕ್ಸ್‌ಪೋರ್ಟಿನ ಮೊತ್ತಕ್ಕೂ ತಾಳೆ ಆಗದೆ ಹೊಸ ಟಿಕೆಟ್ ಬರುತ್ತೆ. ಇನ್ನು, ಹಳೆಯ ತಿಂಗಳುಗಳ ರಿಪೋರ್ಟ್ ಮತ್ತೆ ತೆಗೆದರೆ ಮೊತ್ತ ಹಿಂದಿನದಕ್ಕಿಂತ ಜಾಸ್ತಿ ಬರುತ್ತೆ, ಪ್ರತಿ ತಿಂಗಳ ಕೊನೆಯ ದಿನ ಈಗ ಸೇರಿಕೊಂಡಿರುತ್ತಲ್ಲ. ಲೆಕ್ಕಪತ್ರ ನೋಡುವವರಿಗೆ ಅದನ್ನು ನೀವೇ ಮುಂಚೆ ಹೇಳಿಬಿಡಿ.