ಬೊಟ್ಟಿನ ಲೇಖನಕ್ಕೆ ಹಣೆಯ ಅಳತೆ ಬೇಕು

“ಮೇಡಂ, ‘ಮುಖಕ್ಕೊಪ್ಪುವ ಬೊಟ್ಟು’ ಲೇಖನದ ಜೊತೆ ನನ್ನ ಅತ್ತಿಗೆಯ ಎರಡು ಫೋಟೋ ಕಳಿಸಿದ್ದೇನೆ. ಅವರದು ದೊಡ್ಡ ಹಣೆ, ಅದಕ್ಕೇ ಉದ್ದ ಬೊಟ್ಟು ಇಡಿಸಿದೆ. ಆದರೂ ಫೋಟೋದಲ್ಲಿ ಯಾಕೋ ಒಪ್ಪುತ್ತಿಲ್ಲ. ಲೇಖನ ಹಾಕಬಹುದಾ?”
(ಬ್ರಹ್ಮಾವರದಿಂದ ಬಂದ ಪತ್ರ)

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ದುಂಡು ಮುಖಕ್ಕೆ ಉದ್ದ ಬೊಟ್ಟು, ಉದ್ದ ಮುಖಕ್ಕೆ ದುಂಡು ಬೊಟ್ಟು ಎಂದು ಪುಟ ತುಂಬ ಹಂಚುತ್ತಾ ಹೋಗಿದ್ದೀರಿ. ಬೊಟ್ಟು ಕೂರುವ ಜಾಗ ಎಷ್ಟಿದೆ ಎಂದು ಮಾತ್ರ ಎಲ್ಲೂ ನೋಡಿಲ್ಲ. ನಿಮ್ಮ ಅತ್ತಿಗೆಯ ಫೋಟೋ ಒಪ್ಪದಿರುವುದಕ್ಕೂ ಅದೇ ಕಾರಣ.

ಎರಡನ್ನೂ ಪ್ರಿಂಟ್ ತೆಗೆಸಿ ಸ್ಕೇಲ್ ಇಟ್ಟು ನೋಡಿದೆ. ಮನೆಯ ಜಗಲಿಯಲ್ಲಿ ಮೊಬೈಲಿನಿಂದ ಹತ್ತಿರದಲ್ಲೇ ತೆಗೆದ ಫೋಟೋದಲ್ಲಿ ಕೂದಲಂಚಿನಿಂದ ಹುಬ್ಬಿಗೆ 40 ಮಿ.ಮೀ., ಹುಬ್ಬಿನಿಂದ ಮೂಗಿನ ಬುಡಕ್ಕೆ 36, ಅಲ್ಲಿಂದ ಗಲ್ಲದ ತುದಿಗೆ 31. ಹಣೆ ದೊಡ್ಡದೆಂದು ನಿಮಗೆ ಅನಿಸಿದ್ದು ಇದನ್ನು ನೋಡಿಯೇ ಇರಬೇಕು. ಆದರೆ ಕಿವಿಗಳನ್ನು ಗಮನಿಸಿ. ತಲೆ ನೆಟ್ಟಗಿದ್ದು ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದ್ದರೆ ಕಿವಿಯ ಮೇಲಂಚು ಸುಮಾರು ಹುಬ್ಬಿನ ಸಾಲಿಗೆ ಬರುತ್ತದೆ. ಇಲ್ಲಿ ಅದು ಹುಬ್ಬಿಗಿಂತ ಎಷ್ಟೋ ಮೇಲಿದೆ. ಅಂದರೆ ಮೊಬೈಲನ್ನು ಮೇಲಿನಿಂದ ಹಿಡಿದಿದ್ದೀರಿ. ಲೆನ್ಸಿಗೆ ಹತ್ತಿರವಾದ ಹಣೆ ಹಿಗ್ಗಿ, ದೂರವಾದ ಗಲ್ಲ ಕುಗ್ಗಿದೆ.

ಸ್ಟುಡಿಯೋದಲ್ಲಿ ನೇರ ಕೂರಿಸಿ ದೂರದಿಂದ ತೆಗೆದ ಇನ್ನೊಂದು ಫೋಟೋದಲ್ಲಿ ಇದೇ ಅಳತೆಗಳು 31, 38, 39. ಮೂರು ಭಾಗಗಳು ಹೆಚ್ಚುಕಡಿಮೆ ಸಮವಿದ್ದರೆ ಹಣೆ ಸಾಧಾರಣ ಎತ್ತರದ್ದು. ನಿಮ್ಮ ಅತ್ತಿಗೆಯದು ಗಿಡ್ಡ ಹಣೆ. ಅದರ ಮೇಲೆ 12 ಮಿ.ಮೀ. ಉದ್ದದ ಬೊಟ್ಟು, ಅದೂ ಹುಬ್ಬಿನಿಂದ 4 ಮಿ.ಮೀ. ಮೇಲೆ. ಬೊಟ್ಟಿನ ತುದಿಯಿಂದ ಕೂದಲಿಗೆ ಉಳಿದದ್ದು ಬರೀ 15. ಹಣೆಯ ಅರ್ಧ ಭಾಗ ಬೊಟ್ಟಿನ ಲೆಕ್ಕಕ್ಕೇ ಹೋಯಿತು. ನೋಡುವವರ ಕಣ್ಣು ಬೊಟ್ಟಿನ ಗುಂಟ ಮೇಲೇರಿ ನೇರ ಕೂದಲಿಗೆ ತಾಗುತ್ತದೆ, ಹಣೆ ಇದ್ದದ್ದಕ್ಕಿಂತ ಗಿಡ್ಡ ಕಾಣುತ್ತದೆ.

ಇವರಿಗೆ ದುಂಡು ಬೊಟ್ಟೇ ಆಗಬೇಕು. ಎಷ್ಟು ದೊಡ್ಡದು ಎಂಬುದನ್ನು ಮುಖದ ಆಕಾರ ನೋಡಿ ಹೇಳಲು ಬರುವುದಿಲ್ಲ, ಹುಬ್ಬುಗಳ ನಡುವಿನ ಅಂತರ ಅಳೆಯಬೇಕು. ಮುಖದ ಮೇಲೆಯೇ ಅಳೆದಾಗ ಅದು 24 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ಕಾಲು ಭಾಗದಿಂದ ಶುರು ಮಾಡಿ: 6 ಮಿ.ಮೀ. ಬೊಟ್ಟು. ಎತ್ತರದ ಹಣೆಯವರು ಮೂರನೇ ಒಂದು ಭಾಗದವರೆಗೂ, ಅಂದರೆ 8ರವರೆಗೂ ಹೋಗಬಹುದು. ಹುಬ್ಬುಗಳು ತೀರಾ ಹತ್ತಿರ ಇದ್ದವರಿಗೆ 3 ಅಥವಾ 4 ಸಾಕು. ಅದಕ್ಕಿಂತ ದೊಡ್ಡದಿಟ್ಟರೆ, ಫೋಟೋ ಸಣ್ಣದಾಗಿ ಅಚ್ಚಾದಾಗ ಕಡುಗೆಂಪು ಬೊಟ್ಟು ಎರಡೂ ಹುಬ್ಬಿಗೆ ಸೇರಿಕೊಂಡು ಒಂದೇ ಪಟ್ಟಿಯಂತೆ ಕಾಣುತ್ತದೆ. ಹಾಗಾಗುತ್ತದೋ ಇಲ್ಲವೋ ತಿಳಿಯಲು ಫೋಟೋವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ರಥಬೀದಿಯ ಫ್ಯಾನ್ಸಿ ಅಂಗಡಿಯಿಂದ ಸ್ಟಿಕ್ಕರ್ ತರುವಾಗ ಪ್ಯಾಕೆಟಿನ ನಂಬರಿಗಿಂತ ಸ್ಕೇಲನ್ನು ನಂಬಿ.

ಇಡುವ ಜಾಗವೂ ಮುಖ್ಯ. ಗಿಡ್ಡ ಹಣೆಯಲ್ಲಿ ಬೊಟ್ಟಿನ ನಡುಬಿಂದು ಹುಬ್ಬುಗಳ ಒಳತುದಿಗಳನ್ನು ಕೂಡಿಸುವ ಗೆರೆಯ ಮೇಲೆಯೇ ಇರಲಿ, ಮೇಲಿನ ಹಣೆಯೆಲ್ಲ ಖಾಲಿ ಉಳಿಯುತ್ತದೆ. ಎತ್ತರದ ಹಣೆಯಾದರೆ ಅರ್ಧ ಬೆರಳು ಮೇಲೆ ಸರಿಸಿ, ಸ್ವಲ್ಪ ದೊಡ್ಡ ದುಂಡು ಬೊಟ್ಟಿಡಿ, ಖಾಲಿ ಜಾಗ ತುಂಬುತ್ತದೆ. ಉದ್ದ ಬೊಟ್ಟು ನಿಜವಾಗಿ ಒಪ್ಪುವುದು ಹಣೆ ಸಾಧಾರಣ ಎತ್ತರವಿದ್ದು ಕೆನ್ನೆ ಅಗಲವಿರುವವರಿಗೆ. ನಿಮ್ಮ ಲೇಖನದಲ್ಲಿ ನಾನು ಒಪ್ಪುವ ವಾಕ್ಯ ಅದೊಂದೇ, ಅದಕ್ಕೂ ಹಣೆಯ ಷರತ್ತು ಸೇರಿಸಬೇಕು.

ನಡುಗೆರೆಯನ್ನು ಹುಬ್ಬು ನೋಡಿ ಹಿಡಿಯಬೇಡಿ. ಬಹಳ ಜನರಿಗೆ ಎರಡು ಹುಬ್ಬು ಸರಿಸಮ ಇರುವುದಿಲ್ಲ. ಮೂಗಿನ ದಂಡೆಯ ಮೇಲೆ ಒಂದು ನೂಲು ನೇರ ಹಿಡಿದು ಗುರುತು ಮಾಡಿ. ಬೈತಲೆ ನಡುವೆ ತೆಗೆದಿದ್ದರೆ ಇದು ಇನ್ನೂ ಮುಖ್ಯ, ಬೊಟ್ಟು ಒಂದು ಮಿ.ಮೀ. ಜಾರಿದರೂ ಎದುರಿನಿಂದ ತೆಗೆದ ಫೋಟೋದಲ್ಲಿ ಗೊತ್ತಾಗುತ್ತದೆ. ನಮ್ಮ ಕರಾವಳಿಯ ಸೆಕೆಗೆ ಹಣೆ ಬೆವರಿ ಸ್ಟಿಕ್ಕರಿನ ಅಂಚು ಏಳುತ್ತದೆ, ಒರೆಸಿಯೇ ಅಂಟಿಸಿ. ಹೊಳೆಯುವ ಕಲ್ಲಿನ ಬೊಟ್ಟು ಫ್ಲ್ಯಾಷಿಗೆ ಬಿಳಿ ಚುಕ್ಕೆಯಾಗಿಬಿಡುತ್ತದೆ, ವೆಲ್ವೆಟ್ ಬೊಟ್ಟು ವಾಸಿ.

ವ್ರತಕ್ಕೋ ಮನೆಯ ಪದ್ಧತಿಗೋ ಇಂಥದೇ ಕುಂಕುಮ ಇಡುವವರ ಬಗ್ಗೆ ಈ ಅಳತೆಯ ಮಾತು ಎತ್ತಬೇಡಿ. ಅವರಿಗೆ ಕ್ಯಾಮೆರಾದ ಎತ್ತರವನ್ನಷ್ಟೇ ಹೇಳಿ.

ಮುಖದ ಬಗೆಗಳ ಪಟ್ಟಿ ತೆಗೆಯಿರಿ, ಅತ್ತಿಗೆಯ ಹಣೆಯೊಂದನ್ನೇ ಹಿಡಿದು ಬರೆಯಿರಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿಟ್ಟು, ಎರಡು ಮೀಟರ್ ದೂರದಿಂದ ಜೂಮ್ ಮಾಡಿ, ಉದ್ದ ಬೊಟ್ಟಿನದೊಂದು, ಹುಬ್ಬುಗಳ ಅಂತರದ ಕಾಲು ಭಾಗದಷ್ಟಿರುವ ದುಂಡು ಬೊಟ್ಟಿನದೊಂದು ಫೋಟೋ ತೆಗೆದು ಕಳಿಸಿ. ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ.